ಸಲ್ಯೂಟಿಗೆ ಎಷ್ಟು ಅಂಕ?

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳು ಈಚೆಗೆ ತುಂಬ ವೈಜ್ಞಾನಿಕವಾಗಿಬಿಟ್ಟಿವೆ. ಮೊದಲೆಲ್ಲ ಸೆಕ್ಯುರಿಟಿ ಬೇಕೆಂದರೆ ಕಾರ್ಯದರ್ಶಿಯ ಭಾವಮೈದುನನಿಗೆ ಪರಿಚಯವಿದ್ದ ನಿವೃತ್ತ ಸುಬೇದಾರರೊಬ್ಬರು ಬರುತ್ತಿದ್ದರು, ಕಾಫಿ ಕುಡಿಯುತ್ತಿದ್ದರು, ಮರುದಿನ ಗೇಟಿನಲ್ಲಿ ಜನ ನಿಂತಿರುತ್ತಿದ್ದರು. ಈಗ ಸಮಿತಿಯಲ್ಲಿ ಐಟಿ ಮ್ಯಾನೇಜರುಗಳಿದ್ದಾರೆ, ಅವರ ಬಳಿ ಎಕ್ಸೆಲ್ ಇದೆ. ಏಜೆನ್ಸಿಗಳಿಗೆ ಅಂಕ ಹಾಕುತ್ತಾರೆ. ತರಬೇತಿಗೆ 25, ಮೇಲ್ವಿಚಾರಣೆಗೆ 25, ಬದಲಿ ವ್ಯವಸ್ಥೆಗೆ 20, ದರಕ್ಕೆ 30. ‘ನೋಡಿ, ದರಕ್ಕೆ ನಾವು ಕೊಟ್ಟಿರೋದು ಬರೀ 30. ಗುಣಮಟ್ಟಕ್ಕೆ 70!’ ಎಂದು ಅಧ್ಯಕ್ಷರು ಸರ್ವಸದಸ್ಯರ ಸಭೆಯಲ್ಲಿ ಹೇಳುವಾಗ ಮುಂದಿನ ಸಾಲಿನವರು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಎಲ್ಲರಿಗಿಂತ ಕಡಿಮೆ ದರ ಹೇಳಿದ ಏಜೆನ್ಸಿಯೇ ಗೆಲ್ಲುತ್ತದೆ. ಪ್ರತಿ ವರ್ಷ.

ಇದು ಹೇಗೆ ಸಾಧ್ಯ ಎನ್ನುವುದು ಅಭ್ಯಾಸ ಯೋಗ್ಯವಾದ ವಿಷಯ. 120 ಮನೆಗಳ ಯಾವ ಸಂಘವಾದರೂ ಸರಿ, ಲೆಕ್ಕಕ್ಕೆ ತೆಗೆದುಕೊಳ್ಳೋಣ. ಬರುವ ಗೇಟು, ಹೋಗುವ ಗೇಟು, ಲಾಬಿ, ಬೇಸ್‌ಮೆಂಟ್ ಎಂದು ನಾಲ್ಕು ಪೋಸ್ಟು. ಬಂದ ಏಜೆನ್ಸಿಗಳು ಮೂರು: ಅ, ಆ, ಇ.

ಮೊದಲು ತರಬೇತಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಡಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ನಿಯಮಗಳ ಪ್ರಕಾರ ಒಬ್ಬ ಗಾರ್ಡಿಗೆ 100 ಗಂಟೆ ಪಾಠ, 60 ಗಂಟೆ ಹೊರಗಿನ ತರಬೇತಿ, ಒಟ್ಟು ಕಡಿಮೆಯೆಂದರೂ 20 ಕೆಲಸದ ದಿನ ಆಗಬೇಕು. ಮಾಜಿ ಸೈನಿಕರಿಗೂ ಮಾಜಿ ಪೊಲೀಸರಿಗೂ ಮಾತ್ರ ಅವಧಿ ಕಡಿಮೆ. ಮೂರೂ ಏಜೆನ್ಸಿಗಳು ಇದನ್ನು ಸ್ಲೈಡಿನಲ್ಲಿ ತೋರಿಸಿದವು. ಟೋಪಿ ಹಾಕಿದ ಮೂವತ್ತು ಜನ ಮೈದಾನದಲ್ಲಿ ಸಾಲಾಗಿ ನಿಂತ ಫೋಟೋ ಮೂರರಲ್ಲೂ ಇತ್ತು. ಮೂರರಲ್ಲೂ ಅದೇ ಮೈದಾನ ಎಂಬುದನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ಎಲ್ಲರೂ ಸಲ್ಯೂಟ್ ನೋಡುತ್ತಿದ್ದರು. ನಮ್ಮ ಜನಕ್ಕೆ ಸೆಕ್ಯುರಿಟಿ ಅಂದರೆ ಸಲ್ಯೂಟ್. ಕಾರು ಒಳಗೆ ಬರುವಾಗ ಬೂಟು ಟಪ್ಪೆಂದರೆ ಆಸ್ತಿಯ ಬೆಲೆ ಏರಿದಂತೆ ಅನಿಸುತ್ತದೆ. ಅ ಏಜೆನ್ಸಿಗೆ 22, ಆಗೆ 21, ಇಗೆ 20 ಅಂಕ.

ರೈಲಿನಲ್ಲಿ ಬೆಳಿಗ್ಗೆ ಬಂದಿಳಿದ ಹುಡುಗ ಸಂಜೆಗೆ ಸಮವಸ್ತ್ರ ತೊಟ್ಟು ಗೇಟಿನಲ್ಲಿ ನಿಂತಿದ್ದರೆ ಆ 160 ಗಂಟೆ ಯಾವ ಬೋಗಿಯಲ್ಲಿ ಕಳೆಯಿತು ಎಂದು ಕೇಳುವುದಕ್ಕೆ ಹಾಳೆಯಲ್ಲಿ ಅಂಕಣವಿಲ್ಲ. ಕಂಡುಹಿಡಿಯುವುದೇನೂ ಕಷ್ಟವಲ್ಲ. ಏಜೆನ್ಸಿ ಯಾವುದೇ ಇರಲಿ, ಅದು ಈಗ ಕೆಲಸ ಮಾಡುತ್ತಿರುವ ಇನ್ನೊಂದು ಕಟ್ಟಡಕ್ಕೆ ಹೋಗಿ, ಅವರು ತೋರಿಸಿದ ಗಾರ್ಡನ್ನು ಬಿಟ್ಟು ನಾವೇ ಆರಿಸಿದ ಮೂವರನ್ನು ಮಾತಾಡಿಸಿದರೆ ಸಾಕು. ಬೆಂಕಿ ಆರಿಸುವ ಸಿಲಿಂಡರಿನ ಪಿನ್ನು ತೋರಿಸಪ್ಪ. ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿಕೊಂಡರೆ ಮೊದಲು ಯಾರಿಗೆ ಫೋನು? ಫೈರ್ ಅಲಾರಂ ಪ್ಯಾನೆಲ್ ಕೂಗಿದರೆ ಏನು ಮಾಡುತ್ತೀ? ಕೊನೆಯ ಪ್ರಶ್ನೆಗೆ ಬಹುತೇಕ ಕಡೆ ಥಟ್ಟನೆ ಉತ್ತರ ಬರುತ್ತದೆ: ‘ಈ ಬಟನ್ ಒತ್ತಿದ್ರೆ ಸೌಂಡ್ ನಿಲ್ಲತ್ತೆ ಸಾರ್.’ ಅಷ್ಟು ತರಬೇತಿಯನ್ನು ನಿದ್ದೆಗೆಟ್ಟ ನಿವಾಸಿಗಳೇ ಕೊಟ್ಟಿರುತ್ತಾರೆ.

ಎರಡನೆಯದು ಮೇಲ್ವಿಚಾರಣೆ. ಮಾದರಿ ನಿಯಮದಲ್ಲಿ 15 ಗಾರ್ಡುಗಳಿಗಿಂತ ಹೆಚ್ಚು ಜನರನ್ನು ಒಬ್ಬ ಸೂಪರ್‌ವೈಸರ್ ಮೇಲೆ ಹೇರುವಂತಿಲ್ಲ. ಏಜೆನ್ಸಿಗಳ ಬಾಯಲ್ಲಿ ಮಾತ್ರ ಫೀಲ್ಡ್ ಆಫೀಸರ್ ಎಂಬೊಬ್ಬ ಬೈಕ್ ಸವಾರನಿದ್ದಾನೆ, ಅವನು ಪ್ರತಿ ರಾತ್ರಿ ಎಲ್ಲ ಸೈಟುಗಳಿಗೂ ಭೇಟಿ ಕೊಡುತ್ತಾನೆ. ‘ಅವರ ಕೈಲಿ ಎಷ್ಟು ಸೈಟಿದೆ?’ ಎಂಬ ಪ್ರಶ್ನೆಗೆ ಇ ಏಜೆನ್ಸಿಯ ಮಾಲೀಕರು ಹೆಮ್ಮೆಯಿಂದ ‘ಇಪ್ಪತ್ತು’ ಎಂದರು. ರಾತ್ರಿ 11ರಿಂದ ಬೆಳಗಿನ 5ರವರೆಗೆ ಆರು ಗಂಟೆ. ಸೈಟಿಗೆ 18 ನಿಮಿಷ ಸಿಗುತ್ತದೆ, ಅದರಲ್ಲೇ ಹೆಬ್ಬಾಳದಿಂದ ಬನ್ನೇರುಘಟ್ಟ ರಸ್ತೆಗೂ ಹೋಗಬೇಕು. ಸಮಿತಿಯ ಎಂಜಿನಿಯರುಗಳು ಈ ಭಾಗಾಕಾರ ಮಾಡಲಿಲ್ಲ. ದಕ್ಷತೆ ಎಂದು ತಿಳಿದು 20 ಅಂಕ ಹಾಕಿದರು. ಉಳಿದಿಬ್ಬರಿಗೆ 21.

ಭೇಟಿ ನಿಜವೋ ಸುಳ್ಳೋ ತಿಳಿಯಲು ರಿಜಿಸ್ಟರ್ ತೆರೆಯಬೇಕು. ಏಳು ರಾತ್ರಿಯ ಸಹಿಗಳು ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ, ಸಾಲಾಗಿ ‘ಎಲ್ಲ ಸರಿ ಇದೆ’ ಎಂದರೆ ಏನೂ ಸರಿ ಇಲ್ಲ ಎಂದರ್ಥ. ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿ ಗಸ್ತು ತಿರುಗಿಸುವ ಆಧುನಿಕ ಪದ್ಧತಿಯೂ ಇದೆ. ಗಾರ್ಡ್ ಒಮ್ಮೆ ಸುತ್ತು ಹಾಕಿ ಎಲ್ಲ ಕೋಡುಗಳ ಫೋಟೋ ತೆಗೆದುಕೊಳ್ಳುತ್ತಾನೆ, ಆಮೇಲೆ ಕುರ್ಚಿಯಲ್ಲೇ ಕೂತು ಇಡೀ ಕಟ್ಟಡ ಸುತ್ತುತ್ತಾನೆ. ಬೇಸ್‌ಮೆಂಟಿನಿಂದ ಟೆರೇಸಿಗೆ 40 ಸೆಕೆಂಡಿನಲ್ಲಿ ಹತ್ತಿದ ದಾಖಲೆ ಕಂಡರೆ ಅವನನ್ನು ಒಲಿಂಪಿಕ್ಸಿಗೆ ಕಳಿಸಬೇಕು, ಇಲ್ಲವೇ ಏಜೆನ್ಸಿಯನ್ನು ಮನೆಗೆ.

ಮೂರನೆಯದು ಬದಲಿ. ‘ಗಾರ್ಡ್ ಬರದಿದ್ದರೆ ಎರಡು ಗಂಟೆಯೊಳಗೆ ಬದಲಿ ಕೊಡುತ್ತೇವೆ’ ಎಂದು ಮೂವರೂ ಬರೆದುಕೊಟ್ಟರು. ಅ ಏಜೆನ್ಸಿಗೆ 17, ಉಳಿದವರಿಗೆ 16. ಇಲ್ಲೂ ಒಂದು ಪುಟ್ಟ ಲೆಕ್ಕವಿದೆ. ನಾಲ್ಕು ಪೋಸ್ಟು, 12 ಗಂಟೆಯ ಎರಡು ಪಾಳಿ, 30 ದಿನ. ತಿಂಗಳಿಗೆ 240 ಡ್ಯೂಟಿ. ವಾರಕ್ಕೊಂದು ರಜೆ ಕೊಟ್ಟರೆ ಒಬ್ಬ ಮಾಡುವುದು 26 ಡ್ಯೂಟಿ. ಭಾಗಿಸಿದರೆ ಒಂಬತ್ತೂ ಚಿಲ್ಲರೆ, ಅಂದರೆ ಹತ್ತು ಜನ ಬೇಕು. ಇ ಏಜೆನ್ಸಿ ಕೊಡುವುದು ಎಂಟೇ ಜನ. ಹಾಗಾದರೆ ಬದಲಿ ಬರುವವನು ಯಾರು? ರಾತ್ರಿ ಪಾಳಿ ಮುಗಿಸಿ ಇನ್ನೂ ಮನೆಗೆ ಹೋಗದವನು. ಎರಡು ಗಂಟೆಯೇನು, ಎರಡು ನಿಮಿಷದಲ್ಲಿ ಸಿಗುತ್ತಾನೆ, ಅಲ್ಲೇ ನಿಂತಿರುತ್ತಾನಲ್ಲ! ಇದಕ್ಕೆ ಡಬಲ್ ಡ್ಯೂಟಿ ಎನ್ನುತ್ತಾರೆ. ಸತತ 24 ಗಂಟೆ ಎಚ್ಚರವಿರುವವನ ಕೈಲಿ ನಾವು 120 ಮನೆ ಒಪ್ಪಿಸಿ, ಮಧ್ಯಾಹ್ನ ಮೂರಕ್ಕೆ ಅವನು ತೂಕಡಿಸಿದ ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕಿ ‘ಇವರಿಗೆ ದುಡ್ಡು ಕೊಡೋದು ಯಾಕೆ?’ ಎಂದು ಕೇಳುತ್ತೇವೆ. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರು ಹಗಲಿಗೂ ರಾತ್ರಿಗೂ ಇದೆಯೇ, ಪಿಎಫ್ ಚಲನ್ನಿನ ಜೊತೆಗಿನ ಪಟ್ಟಿಯಲ್ಲಿ ನಮ್ಮ ಸೈಟಿನ ಎಷ್ಟು ಹೆಸರುಗಳಿವೆ, ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಥೆ ಪೂರ್ತಿ ತಿಳಿಯುತ್ತದೆ.

ಬದಲಿ ವಿಷಯದಲ್ಲಿ ನಿವಾಸಿಗಳ ಕೊಡುಗೆಯೂ ಕಡಿಮೆಯಲ್ಲ. ಸ್ಟಿಕ್ಕರ್ ಇಲ್ಲದ ಕಾರನ್ನು ತಡೆದು ‘ಯಾವ ಫ್ಲ್ಯಾಟ್ ಸಾರ್?’ ಎಂದು ಕೇಳಿದವನನ್ನು ಸಂಜೆಯೊಳಗೆ ಬದಲಿಸಲಾಗುತ್ತದೆ, ಏಕೆಂದರೆ ಕಾರು ಖಜಾಂಚಿಯ ಅಳಿಯನದು. ನಗುತ್ತ ಎಲ್ಲರನ್ನೂ ಒಳಗೆ ಬಿಡುವವನು ಮೂರು ವರ್ಷದಿಂದ ಅಲ್ಲೇ ಇದ್ದಾನೆ. ಯುಗಾದಿಗೆ ಅವನಿಗೆ ಶಾಲು ಹೊದಿಸಿದರು.

ಕೊನೆಯದು ದರ. ಅ ಏಜೆನ್ಸಿ 8 ಗಂಟೆಯ ಮೂರು ಪಾಳಿಗೆ 12 ಜನ, ತಲಾ 25,600 ರೂಪಾಯಿ ಎಂದಿತು. ಆ ಏಜೆನ್ಸಿ 12 ಗಂಟೆಯ ಎಂಟು ಜನಕ್ಕೆ ತಲಾ 24,000. ಇ ಏಜೆನ್ಸಿ ಅದೇ ಎಂಟು ಜನಕ್ಕೆ 21,500. ಒಟ್ಟು ಮೊತ್ತ ಅತಿ ಕಡಿಮೆ ಇದ್ದವರಿಗೆ ಪೂರ್ತಿ 30 ಅಂಕ, ಉಳಿದವರಿಗೆ ಅದೇ ಪ್ರಮಾಣದಲ್ಲಿ ಇಳಿಕೆ. ಹಾಗಾಗಿ ಇಗೆ 30, ಆಗೆ ಸುಮಾರು 27, ಅಗೆ 17. ಒಟ್ಟು ಕೂಡಿದರೆ ಇ 86, ಆ 85, ಅ 77. ಎಕ್ಸೆಲ್ ತೀರ್ಪು ಕೊಟ್ಟಿತು, ಯಾರ ಕೈಗೂ ಕೊಳೆ ಹತ್ತಲಿಲ್ಲ.

ಈಗ ಚಪ್ಪಾಳೆಯ ಆ 70 ಅಂಕಗಳ ಕಡೆ ತಿರುಗಿ ನೋಡಿ. ಮೂರು ಅಂಕಣ ಸೇರಿ ಮೊದಲಿನವನಿಗೂ ಕೊನೆಯವನಿಗೂ ಇರುವ ಅಂತರ ಬರೀ 4. ದರದ ಒಂದೇ ಅಂಕಣದಲ್ಲಿ ಅಂತರ 13. ಯಾವ ಅಂಕಣದಲ್ಲಿ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಂಕವೋ ಆ ಅಂಕಣ ಹಾಳೆಯಲ್ಲಿದ್ದರೂ ಇಲ್ಲದಂತೆಯೇ. ಮದುವೆಗೆ ಜಾತಕ ನೋಡಿಸಿ, ಕೊನೆಗೆ ಸೈಟು ಯಾರ ಹೆಸರಲ್ಲಿದೆ ಎಂದು ಕೇಳಿದ ಹಾಗೆ.

ಇದಕ್ಕಿಂತ ದೊಡ್ಡ ತಮಾಷೆ ದರದೊಳಗೇ ಇದೆ. ಒಬ್ಬ ಗಾರ್ಡಿನ 8 ಗಂಟೆ ಕೆಲಸಕ್ಕೆ ಕನಿಷ್ಠ ವೇತನ ತಿಂಗಳಿಗೆ 16,000 ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮಾಲೀಕರ ಪಾಲಿನ ಪಿಎಫ್ 13 ಶೇಕಡ, ಇಎಸ್‌ಐ 3.25, ಬೋನಸ್ 8.33 ಸೇರಿದರೆ ಹತ್ತಿರ ಹತ್ತಿರ 20,000. ಅವನ ವಾರದ ರಜೆಗೆ ಬರುವ ರಿಲೀವರ್‌ಗೆ ಅದರ ಆರರಲ್ಲಿ ಒಂದು ಪಾಲು, 3,300. ಸಮವಸ್ತ್ರ, ಸೂಪರ್‌ವೈಸರ್, ಏಜೆನ್ಸಿಯ ಲಾಭ ಇನ್ನೂ ಸೇರಿಲ್ಲ, ಆಗಲೇ 23,300 ದಾಟಿತು. ಇದು 8 ಗಂಟೆಗೆ. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೂಲಿ ಕೊಡಬೇಕಾದ್ದರಿಂದ 12 ಗಂಟೆಯ ಡ್ಯೂಟಿ ಎಂದರೆ 16 ಗಂಟೆಯ ಸಂಬಳ. ಅಂಥದ್ದರಲ್ಲಿ ಇ ಏಜೆನ್ಸಿ ಎಲ್ಲ ಸೇರಿ 21,500 ಎನ್ನುತ್ತದೆ. ಅದರ ಮಾಲೀಕರೇನು ದಾನಿಗಳೇ? ಕೊರತೆಯನ್ನು ಗಾರ್ಡ್ ತುಂಬುತ್ತಾನೆ. ಪಿಎಫ್ ಕಟ್ಟುವುದಿಲ್ಲ, ರಜೆ ಇಲ್ಲ, ಸಮವಸ್ತ್ರದ ದುಡ್ಡು ಅವನ ಸಂಬಳದಲ್ಲೇ ಕಡಿತ, ಮೊದಲ ತಿಂಗಳ ಸಂಬಳ ಏಜೆನ್ಸಿಯ ಬಳಿ ಒತ್ತೆ. ತರಬೇತಿ ಎಲ್ಲಿಂದ ಬರಬೇಕು, ಸೂಪರ್‌ವೈಸರ್ ಎಲ್ಲಿಂದ ಬರಬೇಕು, ಬದಲಿ ಎಲ್ಲಿಂದ ಬರಬೇಕು? ಮೊದಲ ಮೂರು ಅಂಕಣಗಳ ಉತ್ತರವನ್ನು ನಾಲ್ಕನೆಯ ಅಂಕಣ ಆಗಲೇ ಬರೆದಿಟ್ಟಿತ್ತು. ಸಮಿತಿ ಅದಕ್ಕೇ 30ಕ್ಕೆ 30 ಕೊಟ್ಟಿತು.

ಹಾಗಾಗಿ ದರಕ್ಕೆ ಅಂಕ ಹಾಕುವುದನ್ನೇ ಮೊದಲು ಬಿಡಬೇಕು. ಆ ವರ್ಷದ ಕನಿಷ್ಠ ವೇತನದ ಆದೇಶ ಹಿಡಿದು ಸಮಿತಿಯೇ ತಳದ ಲೆಕ್ಕ ಹಾಕಲಿ, ಅದಕ್ಕಿಂತ ಕಡಿಮೆ ಬರೆದವರ ಲಕೋಟೆ ಹಾಗೇ ವಾಪಸ್ಸಾಗಲಿ. ಉಳಿದವರಿಗೆ ಸ್ಲೈಡ್ ನೋಡಿ ಅಂಕ ಬೇಡ, ತರಬೇತಿ ಪ್ರಮಾಣಪತ್ರ, ಭೇಟಿಯ ರಿಜಿಸ್ಟರ್, ಪಿಎಫ್ ಪಟ್ಟಿ ನೋಡಿ ಹಾಕಲಿ. ಕಾಗದ ಇಲ್ಲದವನಿಗೆ ಸೊನ್ನೆ, ಸೌಜನ್ಯಕ್ಕೆಂದು 20 ಅಲ್ಲ. ದುಡ್ಡು ಸಾಲದಿದ್ದರೆ ಪೋಸ್ಟ್ ಕಡಿಮೆ ಮಾಡಬಹುದು. ಎರಡು ಗೇಟಿನಲ್ಲಿ ಒಂದನ್ನು ಮುಚ್ಚಿ, ಮೂರು ಪೋಸ್ಟಿಗೆ ಅ ಏಜೆನ್ಸಿಯ ಒಂಬತ್ತು ಜನರನ್ನು ಇಟ್ಟರೆ, 18 ಶೇಕಡ ಜಿಎಸ್‌ಟಿ ಸೇರಿಸಿಯೂ ಇ ಏಜೆನ್ಸಿಗಿಂತ ಮನೆಯೊಂದಕ್ಕೆ ತಿಂಗಳಿಗೆ ಸುಮಾರು 575 ರೂಪಾಯಿ ಹೆಚ್ಚು ಬೀಳುತ್ತದೆ.

575 ರೂಪಾಯಿ! ಈ ಅಂಕಿ ಕೇಳಿದ ಕೂಡಲೇ ಸಭೆಯಲ್ಲಿ ಏಳುವ ಗದ್ದಲವನ್ನು ನಾನು ಬಲ್ಲೆ. ಕೋಟಿ ಬಾಳುವ ಫ್ಲ್ಯಾಟಿನ ಯಜಮಾನರೊಬ್ಬರು ಎದ್ದುನಿಂತು, ಮಧ್ಯಮ ವರ್ಗದ ಬೆನ್ನುಮೂಳೆ ಮುರಿಯಿತು ಎನ್ನುತ್ತಾರೆ. ಸರಿ, ಇ ಏಜೆನ್ಸಿಯನ್ನೇ ಇಟ್ಟುಕೊಳ್ಳಿ. ಆದರೆ ನಡಾವಳಿ ಪುಸ್ತಕದಲ್ಲಿ ‘ಸಮಗ್ರ ಮೌಲ್ಯಮಾಪನದ ನಂತರ’ ಎಂದು ಬರೆಯಬೇಡಿ. ‘ಈ ಸಂಘ ಕಾವಲು ಕೊಂಡಿಲ್ಲ, ಎಂಟು ಸಮವಸ್ತ್ರಗಳನ್ನು ಬಾಡಿಗೆಗೆ ತಂದಿದೆ, ಒಳಗಿರುವವರ ಬಗ್ಗೆ ಸಂಘ ಜವಾಬ್ದಾರಿಯಲ್ಲ’ ಎಂದು ಬರೆದು, ಅಧ್ಯಕ್ಷರೂ ಖಜಾಂಚಿಯೂ ಸಹಿ ಹಾಕಲಿ.