ಹದಿನೈದು ರೂಪಾಯಿ ನಿಮಗೆ, ಮಿಕ್ಕಿದ್ದು ನನಗೆ

ಡಿಸೆಂಬರ್ 2024

ಮಾನ್ಯ ಮ್ಯಾನೇಜರ್ ಅವರಿಗೆ,

ಕಳೆದ ಜುಲೈನಲ್ಲಿ ನಿಮ್ಮ ಶಾಖೆಯಲ್ಲಿ ನಾಲ್ಕು ಲಕ್ಷ ರೂಪಾಯಿ ಠೇವಣಿ ಇಟ್ಟಿದ್ದೇನೆ. ಬಡ್ಡಿ ತಿಂಗಳು ತಿಂಗಳು ಖಾತೆಗೆ ಬರಲಿ ಅಂತ ಬರೆದುಕೊಟ್ಟಿದ್ದೆ. ಬೋರ್ಡಿನಲ್ಲಿ ಎಲ್ಲರಿಗೂ ಶೇಕಡ 7, ಹಿರಿಯ ನಾಗರಿಕರಿಗೆ 7.5 ಎಂದಿತ್ತು. 7.5ರ ಲೆಕ್ಕಕ್ಕೆ ವರ್ಷಕ್ಕೆ 30,000, ತಿಂಗಳಿಗೆ 2,500. ಪಾಸ್‌ಬುಕ್ಕಿನಲ್ಲಿ ಬಿದ್ದದ್ದು 2,319.85.

ಕೌಂಟರಿನಲ್ಲಿ ಕೇಳಿದೆ. "ತಿಂಗಳಿಗೊಮ್ಮೆ ತಗೊಂಡ್ರೆ ಸ್ವಲ್ಪ ಕಮ್ಮಿ ಆಗುತ್ತೆ ಮೇಡಂ, ಕಂಪ್ಯೂಟರೇ ಹಾಕೋದು" ಅಂದ ಅಲ್ಲಿದ್ದ ಹುಡುಗ. ಮಾತು ನಿಜ. ಆದರೆ ಗಣಿತದಲ್ಲಿ "ಸ್ವಲ್ಪ" ಅಂತ ಉತ್ತರ ಬರೆದವರಿಗೆ ನಾನು ಯಾವತ್ತೂ ಅಂಕ ಕೊಟ್ಟವಳಲ್ಲ. ಮನೆಗೆ ಬಂದು ಕಾಗದ ತೆಗೆದುಕೊಂಡು ಕೂತೆ.

ನಿಮ್ಮಲ್ಲಿ ಬಡ್ಡಿ ಕಟ್ಟುವುದು ಮೂರು ತಿಂಗಳಿಗೊಮ್ಮೆ. 7.5ರಂತೆ ಮೂರು ತಿಂಗಳಿಗೆ 7,500. ಅದನ್ನೇ ತಿಂಗಳು ತಿಂಗಳು ಮುಂಚಿತವಾಗಿ ಕೊಡುವಾಗ, ಮೊದಲ ಕಂತು ಎರಡು ತಿಂಗಳು, ಎರಡನೆಯದು ಒಂದು ತಿಂಗಳು ಮೊದಲೇ ನನ್ನ ಕೈಸೇರುತ್ತದೆ. ಆ ಮುಂಗಡಕ್ಕೆ ನೀವು ಸೋಡಿ ಮುರಿದುಕೊಳ್ಳುತ್ತೀರಿ. ಹಾಗೆ ಮುರಿದರೆ ತಿಂಗಳಿಗೆ 2,484.54, ಮೂರು ತಿಂಗಳಿಗೆ 7,453.62. ಉಳಿದ 46.38 ಮುಂಚೆ ಕೊಟ್ಟದ್ದರ ಬಾಬ್ತು. ತಿಂಗಳಿಗೆ ಹದಿನೈದೂವರೆ ರೂಪಾಯಿ ಬಿತ್ತು. ಅದು ನ್ಯಾಯ, ಇಟ್ಟುಕೊಳ್ಳಿ.

ಇನ್ನೂ 164.69 ಎಲ್ಲಿ ಹೋಯಿತು? ಶೇಕಡ 7 ಹಿಡಿದು ಇದೇ ಲೆಕ್ಕ ಮಾಡಿದೆ. ಪೈಸೆಗೆ ಪೈಸೆ 2,319.85 ಬಂತು. ಅಂದರೆ ನಿಮ್ಮ ಕಂಪ್ಯೂಟರಿಗೆ ಲೆಕ್ಕ ಬರುತ್ತದೆ, ನಾನು ಯಾರೆಂದು ಮಾತ್ರ ಗೊತ್ತಿಲ್ಲ. ಠೇವಣಿ ರಸೀದಿ ತೆಗೆದು ನೋಡಿದರೆ ಹೆಸರಿನ ಕೆಳಗೆ "ಸಾಮಾನ್ಯ" ಎಂದಿದೆ, ಹುಟ್ಟಿದ ವರ್ಷ 1985! ನಾನು ಹುಟ್ಟಿದ್ದು 1958ರಲ್ಲಿ. ಅಂಕಿ ಅದಲುಬದಲಾಗಿದೆ, ಒಂದನೇ ಕ್ಲಾಸಿನ ಮಕ್ಕಳು ಮಾಡುವಂಥದ್ದು.

ಮೂವತ್ತೊಂಬತ್ತರ ಪ್ರಾಯ ತಿರುಗಿ ಬಂದದ್ದಕ್ಕೆ ಸಂತೋಷವೇ. ಆದರೆ ನಾನು ಸರ್ಕಾರಿ ಶಾಲೆಗೆ ಸೇರಿದ್ದು 1981ರಲ್ಲಿ, ನಿಮ್ಮ ಪ್ರಕಾರ ಹುಟ್ಟುವ ನಾಲ್ಕು ವರ್ಷ ಮೊದಲು. 2018ರಿಂದ ಪಿಂಚಣಿಯೂ ನಿಮ್ಮ ಶಾಖೆಗೇ ಬರುತ್ತಿದೆ. ಠೇವಣಿ ಇಟ್ಟ ದಿನವೇ ತೆರಿಗೆ ಮುರಿಯಬೇಡಿ ಅಂತ 15ಎಚ್ ಫಾರಂ ಕೊಟ್ಟೆ, ಸೀಲು ಹಾಕಿ ತೆಗೆದುಕೊಂಡಿರಿ. ಅದು ಅರವತ್ತು ದಾಟಿದವರ ಫಾರಂ; ಚಿಕ್ಕವರದ್ದು 15ಜಿ. ಒಂದೇ ಕೌಂಟರಿನಲ್ಲಿ ಫಾರಂಗೆ ಅಜ್ಜಿ, ಬಡ್ಡಿಗೆ ಹುಡುಗಿ ಆಗುವುದು ಹೇಗೆ ಸ್ವಾಮಿ?

ಆಗಸ್ಟಿನಿಂದ ಐದು ಕಂತಿಗೆ 823.45 ಬಾಕಿ. ಹುಟ್ಟಿದ ವರ್ಷವನ್ನು ಠೇವಣಿಯಲ್ಲಷ್ಟೇ ಅಲ್ಲ, ಗ್ರಾಹಕರ ದಾಖಲೆಯಲ್ಲೇ ತಿದ್ದಿಸಿ. ಇಲ್ಲದಿದ್ದರೆ ಮುಂದಿನ ಠೇವಣಿಗೂ ಇದೇ ಗತಿ. ಆಧಾರ್ ನಕಲು, ರಸೀದಿ ನಕಲು, ಲೆಕ್ಕದ ಹಾಳೆ ಲಗತ್ತಿಸಿದ್ದೇನೆ. ಸೋಮವಾರ ಹನ್ನೊಂದಕ್ಕೆ ಪಾಸ್‌ಬುಕ್ ಹಿಡಿದು ಬರುತ್ತೇನೆ. ಎಂಟ್ರಿ ಹಾಕುವ ಮೆಷಿನ್ ಅವತ್ತಾದರೂ ಕೆಲಸ ಮಾಡುತ್ತಿರಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ