ಹತ್ತು ಪರ್ಸೆಂಟ್ ಪ್ರಾಮಾಣಿಕತೆ

ಚಂದ್ರಗುತ್ತಿ ಕೋಟೆಯ ಮೇಲೆ ಈ ವರ್ಷವೂ ಒಂದು ಪ್ರಾಜೆಕ್ಟ್ ಆಗಿದೆ. ಹೋದ ವರ್ಷವೂ ಆಗಿತ್ತು. ಅದರ ಹಿಂದಿನ ವರ್ಷವೂ. ಕೋಟೆ ಅದೇ, ಪ್ಯಾರಾ ಅದೇ, ಕಾಗುಣಿತದ ತಪ್ಪೂ ಅದೇ. ಬದಲಾಗಿದ್ದು ಮುಖಪುಟದ ಹೆಸರೊಂದೇ.

ಪಕ್ಕದ ಮನೆಯ ಹುಡುಗ ತಂದು ಕೈಗಿಟ್ಟ. "ಮಾವ, ಸ್ವಲ್ಪ ನೋಡಿಕೊಡಿ. ನಾಳೆ ಸಬ್‌ಮಿಟ್ ಮಾಡ್ಬೇಕು."

ಎರಡನೇ ಪುಟದಲ್ಲೇ ಪ್ರಮಾಣ ವಚನ. ಈ ವರದಿ ನನ್ನ ಸ್ವಂತ ಶ್ರಮ, ಎಲ್ಲಿಂದಲೂ ನಕಲು ಮಾಡಿಲ್ಲ ಅಂತ. ಕೆಳಗೆ ಸಹಿ ಹುಡುಗನದು. ಮೇಲೆ ಮಾತ್ರ 'ಅಂತಿಮ ವರ್ಷದ ವಿದ್ಯಾರ್ಥಿನಿಯಾದ ನಾನು' ಎಂದಿದೆ. ನಕಲು ಮಾಡಿಲ್ಲ ಎಂಬ ಮಾತನ್ನೇ ನಕಲು ಮಾಡಿದವನನ್ನು ಏನೆಂದು ಬೈಯುವುದು?

"ಸಿಮಿಲಾರಿಟಿ ಎಷ್ಟು ಬಂತೋ?"

"ಆರೇ ಪರ್ಸೆಂಟ್ ಮಾವ. ಹತ್ತರ ಒಳಗಿದ್ರೆ ಪಾಸು."

ಆರು ಹೇಗೆ ಬಂತು ಎಂಬುದು ಒಳಪುಟ ತಿರುವಿದರೆ ಗೊತ್ತಾಗುತ್ತದೆ. ಎಲ್ಲಿಂದಲೋ ಎತ್ತಿದ ಕನ್ನಡವನ್ನು ಮೊಬೈಲಿನಲ್ಲಿ ಇಂಗ್ಲಿಷಿಗೆ ತಿರುಗಿಸಿದ್ದಾನೆ. ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿದ್ದಾನೆ. ಹೋಗುವಾಗ ವೀರಗಲ್ಲಾಗಿದ್ದದ್ದು ಬರುವಾಗ 'ನಾಯಕನ ಕಲ್ಲು' ಆಗಿದೆ. ಹೆಬ್ಬಾಗಿಲು 'ದೊಡ್ಡ ಗೇಟ್' ಆಗಿದೆ. ಊರಿಗಾಗಿ ಸತ್ತವನ ಕಲ್ಲನ್ನು ಸಿನಿಮಾ ಹೀರೋನ ಕಲ್ಲು ಮಾಡಿದರೂ ಯಂತ್ರಕ್ಕೆ ತಕರಾರಿಲ್ಲ. ಅದು ನೋಡುವುದು ಪದಗಳ ಸಾಲು ಬೇರೆಲ್ಲಾದರೂ ಇದೆಯೇ ಎಂದಷ್ಟೇ. ವಿಚಾರ ಯಾರದು ಎಂದು ಅದು ಕೇಳುವುದಿಲ್ಲ. ಕೇಳಬೇಕಾಗಿದ್ದ ಗೈಡ್ ಮಹಾಶಯರೂ ಕೇಳಿಲ್ಲ. ಅವರಿಗೂ ಆರು ಸಾಕಾಗಿದೆ.

ಅವನ ತರಗತಿಯ ಹುಡುಗಿಯದು ಇನ್ನೊಂದು ಕತೆ. ಅವಳಿಗೆ ಬಂದದ್ದು ಇಪ್ಪತ್ತನಾಲ್ಕು. ಎಲ್ಲರೆದುರು ಬೈಸಿಕೊಂಡಳಂತೆ. ಅವಳ ಸಿಮಿಲಾರಿಟಿ ವರದಿಯನ್ನೂ ತರಿಸಿ ನೋಡಿದೆ.

ಇಪ್ಪತ್ತನಾಲ್ಕರಲ್ಲಿ ಒಂಬತ್ತು ಗ್ರಂಥಋಣದ ಪಟ್ಟಿ. ಪುಸ್ತಕದ ಹೆಸರು ಎಲ್ಲರ ಪಟ್ಟಿಯಲ್ಲೂ ಒಂದೇ ಇರುತ್ತದಲ್ಲ, ಅದೂ ಕಳವಂತೆ. ಐದು ಕಾಲೇಜೇ ಕೊಟ್ಟ ಪ್ರಮಾಣಪತ್ರದ ನಮೂನೆ. ನಾಲ್ಕು ಉದ್ಧರಣ ಚಿಹ್ನೆಯೊಳಗೆ, ಪುಟಸಂಖ್ಯೆ ಸಮೇತ ಕೊಟ್ಟ ಶಾಸನಪಾಠ. ಉಳಿದದ್ದು ಆರು. ಆ ಆರರಲ್ಲಿ ಚಿಲ್ಲರೆ ಪದಗುಚ್ಛಗಳನ್ನು ತೆಗೆದರೆ ನಿಜವಾಗಿ ಎತ್ತಿದ್ದು ಒಂದೇ ಪ್ಯಾರಾ, ದೇವಸ್ಥಾನದ ವಾಸ್ತುವಿನ ಬಗ್ಗೆ. ಅದಕ್ಕೆ ಆಕರ ಹಾಕಿ ತನ್ನ ಮಾತಲ್ಲಿ ಬರೆದರೆ ಮುಗಿಯಿತು. ಅರ್ಧ ಗಂಟೆಯ ಕೆಲಸ.

ತಪಾಸಣೆಗೆ ಹಾಕುವಾಗಲೇ ಗ್ರಂಥಋಣ ಬಿಡು, ಉದ್ಧರಣ ಬಿಡು, ಸಣ್ಣಪುಟ್ಟ ಹೋಲಿಕೆ ಬಿಡು ಎಂದು ಗುರುತು ಹಾಕಲು ಜಾಗವಿರುತ್ತದೆ. ಯಾರೂ ಹಾಕಿಲ್ಲ. ಬಣ್ಣ ಬಳಿದ ಸಾಲುಗಳನ್ನು ಒಂದೊಂದಾಗಿ ಓದುವವರೂ ಇಲ್ಲ. ಮೊದಲ ಪುಟದ ಅಂಕಿ ನೋಡುತ್ತಾರೆ, ಮುಖ ಸಿಂಡರಿಸುತ್ತಾರೆ. ಆಕರ ಹೇಳಿದವಳಿಗೆ ಬೈಗುಳ. ಆಕರ ಮುಚ್ಚಿಟ್ಟವನಿಗೆ ಶಹಬ್ಬಾಸ್.

ಹತ್ತು ಪರ್ಸೆಂಟ್ ಎಲ್ಲಿಂದ ಬಂತು? ಯುಜಿಸಿ ರೂಲ್ಸು ಎನ್ನುತ್ತಾರೆ, ಗಂಭೀರವಾಗಿ. 2018ರ ಯುಜಿಸಿ ನಿಯಮಾವಳಿ ಇದೆ ನಿಜ. ಹತ್ತರವರೆಗೆ ದಂಡವಿಲ್ಲ. ಹತ್ತರಿಂದ ನಲವತ್ತಾದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ನಲವತ್ತರಿಂದ ಅರವತ್ತಾದರೆ ಒಂದು ವರ್ಷ ಕೊಡುವಂತಿಲ್ಲ. ಅರವತ್ತು ಮೀರಿದರೆ ನೋಂದಣಿಯೇ ರದ್ದು. ಆದರೆ ಅದೇ ನಿಯಮಾವಳಿ ತನ್ನ ವ್ಯಾಪ್ತಿಯನ್ನು ಸ್ನಾತಕೋತ್ತರ ಹಾಗೂ ಸಂಶೋಧನಾ ಮಟ್ಟದ ಬರಹಕ್ಕೆ ಕಟ್ಟಿ, ಅಸೈನ್‌ಮೆಂಟು, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆಗಳನ್ನು ಹೊರಗಿಟ್ಟಿದೆ. ಅಂದರೆ ಡಿಗ್ರಿ ಹುಡುಗರನ್ನು ಹೆದರಿಸುವ ಈ ಹತ್ತು, ಕಾಲೇಜೋ ವಿಶ್ವವಿದ್ಯಾಲಯವೋ ತಾನೇ ಇಟ್ಟುಕೊಂಡ ಹತ್ತು. ಇಟ್ಟುಕೊಳ್ಳಲಿ, ಬೇಡವೆಂದವರಾರು? ಆದರೆ ನಕಲು ಮಾಡಬೇಡಿ ಎಂಬ ಉಪದೇಶಕ್ಕೂ ತಪ್ಪು ಆಕರವೇ?

ನಿಯಮದಲ್ಲಿ ಇನ್ನೊಂದು ಸಾಲಿದೆ. ಸಾರಾಂಶ, ಅವಲೋಕನ, ಫಲಿತಾಂಶ, ತೀರ್ಮಾನ ಇವುಗಳಲ್ಲಿ ಹೋಲಿಕೆಯೇ ಇರಬಾರದು. ಸಾಮಾನ್ಯ ಜ್ಞಾನಕ್ಕೆ, ಆಕಸ್ಮಿಕ ಹೋಲಿಕೆಗೆ ವಿನಾಯಿತಿ ಸತತ ಹದಿನಾಲ್ಕು ಪದದವರೆಗೆ ಮಾತ್ರ. ನಮ್ಮ ಹುಡುಗ ಅದೃಷ್ಟವಂತ. ಅವನ ಪ್ರಾಜೆಕ್ಟ್ ಹೊರಗಿದೆ. ಅವನ ತೀರ್ಮಾನದ ಅಧ್ಯಾಯ ಬೇರೆ ಯಾವುದೋ ಕೋಟೆಯದು. ಕೊನೆಯ ಸಾಲಲ್ಲಿ ಆ ಕೋಟೆಯ ಹೆಸರು ಹಾಗೇ ಉಳಿದಿದೆ.

ಇಂಗ್ಲಿಷಿಗೆ ಹೋಗಿ ಬರುವುದಕ್ಕಿಂತ ಅಗ್ಗದ ಉಪಾಯವೂ ಪೇಟೆಯಲ್ಲಿದೆ. ಡಿಟಿಪಿಯವರ ಹಳೇ ನುಡಿ ಫಾಂಟಿನಲ್ಲಿ ಟೈಪು ಮಾಡಿಸುವುದು. ಆ ಕಡತದಲ್ಲಿ ಕಣ್ಣಿಗೆ ಕನ್ನಡ ಕಾಣುತ್ತದೆ. ಯಂತ್ರಕ್ಕೆ ಸಿಗುವುದು ಹೀಗೆ:

```
PÀ£ÀßqÀ
```

ಇದು 'ಕನ್ನಡ' ಎಂಬ ಮೂರಕ್ಷರ. ಯೂನಿಕೋಡಿನ ಕನ್ನಡದ ಜೊತೆ ಇದನ್ನು ಯಾವ ಯಂತ್ರ ಹೋಲಿಸೀತು? ಇಡೀ ಪುಸ್ತಕ ಕದ್ದರೂ ಸೊನ್ನೆ. ಕನ್ನಡ ವರದಿಗೆ ಸೊನ್ನೆ ಬಂದರೆ ಹಾರ ಹಾಕಬೇಡಿ. ಒಂದು ಸಾಲು ಕಾಪಿ ಮಾಡಿ ಬೇರೆ ಕಿಟಕಿಯಲ್ಲಿ ಅಂಟಿಸಿ. ಇಂಥ ಸೊಟ್ಟ ಅಕ್ಷರ ಬಂದರೆ ಯೂನಿಕೋಡಿಗೆ ಬದಲಿಸಿ ಮತ್ತೆ ಹಾಕಿಸಿ. ಆಗ ಸೊನ್ನೆಯ ಬಣ್ಣ ಗೊತ್ತಾಗುತ್ತದೆ.

ಉಲ್ಟಾ ಏಟು ತಿಂದವರೂ ಇದ್ದಾರೆ. ಭಯಕ್ಕೆ ಮೊದಲೇ ಹೊರಗೆ ಎಲ್ಲೋ ದುಡ್ಡು ಕೊಟ್ಟು ಚೆಕ್ ಮಾಡಿಸುತ್ತಾರೆ. ಆ ಅಂಗಡಿಯವನು ವರದಿಯನ್ನು ಸಾಫ್ಟ್‌ವೇರಿನ ಭಂಡಾರದಲ್ಲಿ ಉಳಿಸುತ್ತಾನೆ. ಆಮೇಲೆ ಕಾಲೇಜಿನವರು ಅದೇ ಸಾಫ್ಟ್‌ವೇರಿನಲ್ಲಿ ಹಾಕಿದರೆ ತೊಂಬತ್ತರ ಮೇಲೆ. ತನ್ನದೇ ಬರಹವನ್ನು ತಾನೇ ಕದ್ದ ಆರೋಪ. ಭಂಡಾರಕ್ಕೆ ಸೇರಿಸಬೇಡ ಎಂದು ಮೊದಲೇ ಹೇಳಬೇಕಿತ್ತು. ಹೇಳಿಕೊಟ್ಟವರಿಲ್ಲ.

ಈಗ ಆ ಹುಡುಗನ ಅಡಿಟಿಪ್ಪಣಿಗೆ ಬನ್ನಿ. ಇರುವುದು ಒಂದೇ. ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 8, ಸೊರಬ.

"ರೈಸ್ ಸಾಹೇಬರ ಸಂಪುಟ ನೋಡಿದ್ಯಾ?"

"ಇಲ್ಲ ಮಾವ. ಪುಸ್ತಕದಲ್ಲಿ ಹಾಗಂತ ಇತ್ತು."

ಯಾವ ಪುಸ್ತಕ ಅಂತ ಪಟ್ಟಿಯಲ್ಲಿಲ್ಲ. ಓದಿದ ಪುಸ್ತಕವನ್ನು ಮುಚ್ಚಿಟ್ಟು, ಓದದ ಸಂಪುಟವನ್ನು ಹೊದ್ದುಕೊಂಡಿದ್ದಾನೆ. ಇಂಥದ್ದು ಸಿಕ್ಕಿಬೀಳುವುದು ಶಾಸನದ ಸಂಖ್ಯೆಯಲ್ಲಿ. ನಡುವಿನ ಪುಸ್ತಕದಲ್ಲಿ ಅಂಕಿ ಅದಲುಬದಲಾಗಿ ಅಚ್ಚಾಗಿದ್ದರೆ ಆ ತಪ್ಪು ಮೂರು ವರ್ಷದ ಮೂರು ವರದಿಯಲ್ಲೂ ನಿಷ್ಠೆಯಿಂದ ಬರುತ್ತದೆ. ಸಂಪುಟ ತೆರೆದರೆ ಆ ಸಂಖ್ಯೆಯಲ್ಲಿ ಇನ್ಯಾವುದೋ ಊರಿನ ದಾನಶಾಸನ. ಮೂಲ ನೋಡದಿದ್ದರೆ 'ರೈಸ್, ಇಂಥವರ ಇಂಥ ಪುಸ್ತಕದ ಇಂಥ ಪುಟದಲ್ಲಿ ಉಲ್ಲೇಖಿತ' ಎಂದು ಬರೆಯಬೇಕು. ಮಾನ ಹೋಗುವುದಿಲ್ಲ.

ಗುಡ್ಡ ಹತ್ತಿಸಿ ಕೋಟೆ ತೋರಿಸಿದ ಅಜ್ಜ ಹೇಳಿದ ಕತೆಯೂ ಹೀಗೇ. ಮೂರು ಪುಟ ತುಂಬಿದೆ, ಅಜ್ಜನ ಹೆಸರಿಲ್ಲ. ಹೆಸರು, ಊರು, ಮಾತಾಡಿದ ದಿನಾಂಕ, ಇಷ್ಟು ಬರೆದಿದ್ದರೆ ಅದೂ ಆಕರವೇ. ಯಂತ್ರ ಅದನ್ನು ಎಂದೂ ಹಿಡಿಯುವುದಿಲ್ಲ. ಅಜ್ಜ ಅಂತರ್ಜಾಲದಲ್ಲಿಲ್ಲ.

ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಐದನೇ ಶತಮಾನದ ಒಂದು ಕಲ್ಲುಕಂಬ ನಿಂತಿದೆ. ಕದಂಬ ಶಾಂತಿವರ್ಮನ ಕಾಲದ್ದು. ಅದರ ಕವಿ ಕುಬ್ಜ. ರಾಜನ ಆಣತಿಯಂತೆ ತನ್ನ ಕಾವ್ಯವನ್ನು ತಾನೇ ಈ ಕಲ್ಲಿನ ಮೇಲೆ ಬರೆದೆನೆಂದು ಅದರಲ್ಲೇ ಹೇಳಿಕೊಂಡಿದ್ದಾನೆ. ಹೇಳಿಸಿದವರು ಯಾರು, ರಚಿಸಿದವರು ಯಾರು, ಬರೆದವರು ಯಾರು, ಎಲ್ಲ ಒಂದೇ ಕಡೆ. ಹುಡುಗನ ವರದಿಯಲ್ಲಿ ಕಂಬದ ಫೋಟೋ ಇದೆ. ಯಾರು ತೆಗೆದದ್ದು ಅಂತ ಇಲ್ಲ. ಮೂಲೆಯಲ್ಲಿ ಯಾರದೋ ವಾಟರ್‌ಮಾರ್ಕು ಅರ್ಧ ಕತ್ತರಿಸಿ ಉಳಿದಿದೆ.

ಕೆಂಪು ಪೆನ್ನಿನಲ್ಲಿ ಎಲ್ಲ ಗುರುತು ಹಾಕಿ ಕೊಟ್ಟೆ. ಹುಡುಗ ಪುಟ ತಿರುವಿ ನೋಡಿದ. ಮುಖ ಸಣ್ಣದಾಯಿತು.

"ಇಷ್ಟೆಲ್ಲ ಆಕರ ಹಾಕಿದ್ರೆ ಪರ್ಸೆಂಟ್ ಜಾಸ್ತಿ ಆಗಲ್ವಾ ಮಾವ?"

ಸಂಜೆ ಬೈಂಡಿಂಗ್ ಅಂಗಡಿಯ ಮುಂದೆ ಕಂಡ. 'ವಿದ್ಯಾರ್ಥಿನಿ'ಯನ್ನು ಮಾತ್ರ ತಿದ್ದಿಸಿದ್ದ.