ಛೇದಕ್ಕೆ ಬಿದ್ದ ಸಾರು

ಮೂರು ಸಲವೂ ಉಪ್ಪು ಹಾಕಿದವನು ನಾನೇ. ಸಾರು ಕುದಿಯುವಾಗ ಒಂದು ಚಮಚ, ಕ್ರಿಕೆಟ್ ನೋಡಿ ಬಂದು ಇನ್ನೊಂದು, ಒಗ್ಗರಣೆಯ ಹುರುಪಿನಲ್ಲಿ ಮತ್ತೊಂದು. ಹೆಂಡತಿ ತವರಿಗೆ ಹೋಗಿದ್ದಳು. ಪಿಯುಸಿ ಓದುವ ಮಗಳು ರುಚಿ ನೋಡಿ, ಮುಖ ಕಿವುಚಿ, ಉಪ್ಪಿನ ಚಮಚವನ್ನು ತೂಗಿಯೇಬಿಟ್ಟಳು. ಗೋಪುರ ಚಮಚಕ್ಕೆ 10 ಗ್ರಾಂ. ಒಂದು ಲೀಟರ್ ಸಾರಿನಲ್ಲಿ 30 ಗ್ರಾಂ! ಸಮುದ್ರದ ನೀರಿನಲ್ಲೇ ಲೀಟರಿಗೆ 35ರ ಆಸುಪಾಸು. ಸ್ವಲ್ಪದರಲ್ಲಿ ತಪ್ಪಿತ್ತು.

ಒಂದು ಲೀಟರ್ ನೀರು ಸುರಿದೆ. ಲೀಟರಿಗೆ 30 ಇದ್ದದ್ದು 15ಕ್ಕೆ ಇಳಿಯಿತು. ಆಗ ನನ್ನೊಳಗಿನ ಲೆಕ್ಕಿಗ ಎದ್ದು ಕೂತ. ಒಂದು ಲೀಟರಿಗೆ 15 ಇಳಿದರೆ ಇನ್ನೊಂದಕ್ಕೆ ಉಳಿದ 15 ಕೂಡ ಹೋಗಿ ಸಾರು ಪೂರ್ತಿ ಸಪ್ಪೆ! ಹಾಗಾಗಿ ಎರಡನೆಯ ಲೀಟರನ್ನು ಲೋಟದಲ್ಲಿ, ತೀರ್ಥ ಹಾಕುವ ಹಾಗೆ ಹಾಕತೊಡಗಿದೆ. ಲೋಟಕ್ಕೊಮ್ಮೆ ರುಚಿ. ಕಣ್ಣು ಮುಚ್ಚಿ, ನಾಲಿಗೆ ಚಪ್ಪರಿಸಿ, ಮತ್ತೆ ಅರ್ಧ ಲೋಟ. ಸಪ್ಪೆಯಾದ ಕ್ಷಣವೇ ಹಾಕಲಿ ಎಂದು ಮಗಳ ಕೈಗೆ ಚಿಟಿಕೆ ಉಪ್ಪು ಕೊಟ್ಟು ಪಕ್ಕದಲ್ಲಿ ನಿಲ್ಲಿಸಿದೆ. ಪಾಪ, ಐದು ನಿಮಿಷ ನಿಂತಳು. ಆಮೇಲೆ ಉಪ್ಪನ್ನು ಡಬ್ಬಿಗೆ ಉದುರಿಸಿ, ಕ್ಯಾಲೆಂಡರಿನ ಹಿಂದೆ ಬರೆದಳು:

C = 30/(1+x)

“ಅಪ್ಪ, ಮೇಲಿನ 30 ಅಲ್ಲಾಡಲ್ಲ. ಉಪ್ಪು ಎಲ್ಲೂ ಹೋಗಿಲ್ಲ. ನೀನು ಕೆಳಗಿನ ಛೇದ ಊದಿಸ್ತಿದ್ದೀಯ ಅಷ್ಟೆ.”

x ಅಂದರೆ ನಾನು ಸುರಿದ ನೀರು. ಎರಡನೆಯ ಲೀಟರ್ ಇಳಿಸುವುದು 5 ಮಾತ್ರ, ಮೂರನೆಯದು ಎರಡೂವರೆ. ಲೀಟರಿಗೆ 1 ಗ್ರಾಂ ಆಗಬೇಕೆಂದರೆ 29 ಲೀಟರ್ ನೀರು, ಅಂದರೆ ಸ್ನಾನದ ಹಂಡೆಯೇ ಬೇಕು. ಸೊನ್ನೆಯ ಹತ್ತಿರ ಹತ್ತಿರ ಹೋಗುತ್ತಲೇ ಇರುತ್ತದೆ, ಮುಟ್ಟುವುದಿಲ್ಲ. ಅದಕ್ಕೆ ಲಿಮಿಟ್ ಅನ್ನುತ್ತಾರಂತೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದ ಗಾದೆಯವರು ಎಷ್ಟು ಲೀಟರ್ ಅಂತ ಹೇಳಬಾರದಿತ್ತೇ?

ಎರಡು ಲೀಟರ್ ನೀರಿಗೆ ಉಪ್ಪು 10ಕ್ಕೆ ಬಂದು ಹದವಾಯಿತು. ಆದರೆ ಬೇಳೆ, ಹುಳಿ, ಸಾರಿನ ಪುಡಿ ಎಲ್ಲವೂ ಅದೇ ಛೇದದ ಮೇಲೆ ಕೂತಿದ್ದವು. ಅವೂ ಮೂರರಲ್ಲೊಂದು ಪಾಲಾದವು. ಉಪ್ಪನ್ನು ಗೆದ್ದೆ, ಸಾರು ತೀರಿಕೊಂಡಿತ್ತು.

ಫೋನಿನಲ್ಲಿ ಭಾವಮೈದ, “ಆಲೂಗಡ್ಡೆ ಹಾಕಿ ಭಾವ, ಉಪ್ಪು ಹೀರ್ಕೊಳ್ಳತ್ತೆ” ಅಂದ. ಈ ಮನುಷ್ಯನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಆಲೂಗಡ್ಡೆ ಉಪ್ಪನ್ನೊಂದೇ ಆರಿಸಿ ತಿನ್ನುತ್ತದೆಯೇ? ಉಪ್ಪುನೀರನ್ನೇ ಕುಡಿಯುತ್ತದೆ. ಉಳಿದ ಸಾರು ಇದ್ದಷ್ಟೇ ಉಪ್ಪು. ಅವನ ಕೈಯಿಂದ ಫೋನ್ ಕಸಿದುಕೊಂಡ ಹೆಂಡತಿ, “ಎರಡು ಪಾಲು ಸಾರು ಎತ್ತಿಟ್ಟು, ಉಳಿದ ಒಂದು ಪಾಲಿಗೆ ನೀರು, ಬೆಂದ ಬೇಳೆ, ಹುಳಿ ಹಾಕೋದಲ್ವೇನ್ರಿ?” ಅಂದಳು. ಒಂದು ಪಾಲಿನಲ್ಲಿ 10 ಗ್ರಾಂ ಉಪ್ಪು. ಲೀಟರಿಗೆ ಏರಿಸಿದರೆ ಹದ. ಹಂಡೆ ಬೇಡ, ಲಿಮಿಟ್ಟೂ ಬೇಡ. ಇದನ್ನು ಮೂರು ಲೀಟರ್ ಆದ ಮೇಲೆ ಹೇಳಿದಳು.

ಅಷ್ಟನ್ನು ಸುರಿಯಲು ಮನಸ್ಸು ಬರಲಿಲ್ಲ. ಇನ್ನಷ್ಟು ಸಾರಿನ ಪುಡಿ ಹಾಕಿ ಕುದಿಸಿ, ಉಪ್ಪಿನ ಭಯಕ್ಕೆ ಮತ್ತೊಂದು ಲೀಟರ್ ನೀರು ಬೆರೆಸಿ, ಪಕ್ಕದ ಮನೆಗೂ ಒಂದು ಡಬ್ಬಿ ಕೊಟ್ಟೆ. ಸಂಜೆ ತೊಳೆದ ಡಬ್ಬಿ ವಾಪಸ್ ಬಂತು.

“ಸಾರು ಪರವಾಗಿಲ್ಲ ಸಾರ್. ಉಪ್ಪೊಂದು ಚೂರು ಹಿಂದು.”